ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕುವುದು: ಮುಂಬಯಿಯ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಸಂಜೆ ಮಾಟುಂಗಾದಲ್ಲಿ ನಾವು ಹತ್ತು ಹನ್ನೆರಡು ಮಂದಿ ಕುಮಾರವ್ಯಾಸನನ್ನು ಓದಲು ಕೂರುತ್ತೇವೆ. ತಾಳಮದ್ದಳೆಯಲ್ಲಿ ಅರ್ಥ ಹೇಳುವವರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಮರಾಠಿ ಶಾಲೆಯಲ್ಲಿ ಓದಿ ಈಗ ಕನ್ನಡ ಕಲಿಯುತ್ತಿರುವ ಹುಡುಗ ಹುಡುಗಿಯರೂ ಇದ್ದಾರೆ. ಪ್ರಸ್ತಾರ ಹಾಕಲು, ಅಂದರೆ ಲಘು ಗುರು ಗುರುತು ಹಾಕಿ ಗಣ ಬಿಡಿಸಲು, ಶುರು ಮಾಡಿದ ಕೂಡಲೇ ಎಲ್ಲರೂ ಒಂದೇ ಜಾಗಗಳಲ್ಲಿ ಎಡವುತ್ತಾರೆ. ಆ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಹೆಚ್ಚಿನದೆಲ್ಲ ಭಾಮಿನಿ ಷಟ್ಪದಿಯ ಬಗ್ಗೆ. ಅದೊಂದು ಕೈಗೆ ಹತ್ತಿದರೆ ಉಳಿದ ಷಟ್ಪದಿಗಳು ಕಷ್ಟವಲ್ಲ.

## ಮೊದಲು ತಿಳಿಯಬೇಕಾದ್ದು

ಲಘು ಗುರು ಅಂದ್ರೆ ಹ್ರಸ್ವ ದೀರ್ಘ ತಾನೆ? ಅದಕ್ಕೆ ಬೇರೆ ಹೆಸರು ಯಾಕೆ?

ಎರಡೂ ಒಂದೇ ಅಲ್ಲ. ಹ್ರಸ್ವ, ದೀರ್ಘ ಎನ್ನುವುದು ಸ್ವರದ ಮಾತು. ಲಘು, ಗುರು ಎನ್ನುವುದು ಇಡೀ ಅಕ್ಷರವನ್ನು ಹೇಳಲು ಹಿಡಿಯುವ ಹೊತ್ತಿನ ಮಾತು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ. ಲಘುವಿನ ಗುರುತು ∪, ಗುರುವಿನದು –.

‘ಮನೆ’ ಎಂದು ಹೇಳಿ ನೋಡಿ. ಎರಡು ಲಘು, ಒಟ್ಟು ಎರಡು ಮಾತ್ರೆ. ಈಗ ‘ಅಕ್ಕ’ ಎನ್ನಿ. ಇಲ್ಲೂ ದೀರ್ಘ ಸ್ವರ ಒಂದೂ ಇಲ್ಲ. ಆದರೂ ‘ಅ’ ಆದ ಮೇಲೆ ನಾಲಿಗೆ ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ. ಆ ನಿಲ್ಲುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ‘ಅಕ್ಕ’ ಮೂರು ಮಾತ್ರೆ. ದೀರ್ಘವೆಲ್ಲ ಗುರು ನಿಜ, ಆದರೆ ಗುರುವೆಲ್ಲ ದೀರ್ಘವಲ್ಲ.

ಯಾವ ಅಕ್ಷರ ಗುರು ಆಗುತ್ತೆ? ಉದ್ದ ಪಟ್ಟಿ ಬೇಡ, ನೆನಪಲ್ಲಿ ಉಳಿಯೋ ಹಾಗೆ ಹೇಳಿ.

ಎರಡೇ ಪ್ರಶ್ನೆ ಕೇಳಿಕೊಳ್ಳಿ. ಸ್ವರ ದೀರ್ಘವೇ? ಆ, ಈ, ಊ, ಏ, ಓ ಜೊತೆಗೆ ಐ, ಔ ಕೂಡ ಇಲ್ಲಿಗೆ ಸೇರುತ್ತವೆ. ಇದ್ದರೆ ಗುರು. ಇಲ್ಲದಿದ್ದರೆ ಎರಡನೆಯ ಪ್ರಶ್ನೆ: ಸ್ವರ ಆದ ಮೇಲೆ ಅಕ್ಷರದ ಬಾಗಿಲು ಮುಚ್ಚಿತೇ? ಮುಚ್ಚಿದರೂ ಗುರು.

ಬಾಗಿಲು ಮುಚ್ಚುವುದು ನಾಲ್ಕು ಬಗೆಯಲ್ಲಿ. ಮುಂದೆ ಒತ್ತಕ್ಷರ ಬಂದರೆ (ಸಕ್ಕರೆಯ ‘ಸ’), ಸೊನ್ನೆ ಇದ್ದರೆ (ಬಂತು ಎಂಬಲ್ಲಿಯ ‘ಬಂ’), ವಿಸರ್ಗ ಇದ್ದರೆ (ದುಃಖದ ‘ದುಃ’), ಸ್ವರವಿಲ್ಲದ ವ್ಯಂಜನ ಅಂಟಿಕೊಂಡಿದ್ದರೆ (ಲೋಕಲ್ ಎಂಬಲ್ಲಿಯ ‘ಕಲ್’). ಶಾಲೆಯಲ್ಲಿ ಇವನ್ನು ನಾಲ್ಕು ಬೇರೆ ನಿಯಮ ಎಂದು ಬಾಯಿಪಾಠ ಮಾಡಿಸುತ್ತಾರೆ. ಬಾಯಲ್ಲಿ ನಡೆಯುವ ಕೆಲಸ ಮಾತ್ರ ಒಂದೇ.

ಒಂದು ಎಚ್ಚರಿಕೆ. ದೀರ್ಘವೂ ಇದ್ದು ಬಾಗಿಲೂ ಮುಚ್ಚಿದರೆ ಮೂರು ಮಾತ್ರೆ ಆಗುವುದಿಲ್ಲ. ‘ಬಾಂಬ್’ ಎಂಬಲ್ಲಿ ‘ಬಾಂ’ ಎಷ್ಟೇ ಭಾರವಾಗಿ ಕೇಳಿದರೂ ಅದು ಗುರು, ಎರಡೇ ಮಾತ್ರೆ.

ಒತ್ತಕ್ಷರಾನೇ ಗುರು ಅಲ್ವಾ? ಅದರ ಹಿಂದಿನದಕ್ಕೆ ಯಾಕೆ ಗುರುತು?

ಹೊಸಬರ ಹತ್ತು ತಪ್ಪಿನಲ್ಲಿ ಆರು ಇದೇ. ಬರೆಯುವಾಗ ‘ಕ್ಕ’ ದಪ್ಪವಾಗಿ ಕಾಣುತ್ತದೆ, ಕೈ ತಾನಾಗಿ ಅದರ ಮೇಲೆ ಗೆರೆ ಎಳೆಯುತ್ತದೆ. ಹೇಳುವಾಗ ಆಗುವುದು ‘ಅಕ್–ಕ’. ಮೊದಲ ‘ಕ್’ ಹಿಂದಿನ ‘ಅ’ಗೆ ಸೇರಿ ಅದನ್ನು ಮುಚ್ಚುತ್ತದೆ. ಉಳಿದದ್ದು ಬರೀ ‘ಕ’, ಅದು ಲಘು.

ಪದದ ಮೊದಲಲ್ಲೇ ಒತ್ತಕ್ಷರ ಇದ್ದರೆ ಅದರ ಒತ್ತು ಅದಕ್ಕೆ ಏನೂ ಮಾಡುವುದಿಲ್ಲ. ‘ಪ್ರಜೆ’ಯ ‘ಪ್ರ’ ಲಘು. ‘ಶ್ರೀ’ ಗುರುವಾದದ್ದು ‘ಈ’ಕಾರದಿಂದ, ಒತ್ತಿನಿಂದ ಅಲ್ಲ.

‘ಪುತ್ರ’ದಲ್ಲಿ ‘ಪು’ ಗುರು. ಹಾಗಾದ್ರೆ ‘ಪಿತೃ’ನಲ್ಲಿ ‘ಪಿ’ನೂ ಗುರು ತಾನೆ?

ಅಲ್ಲ. ‘ತೃ’ ನೋಡಲು ಒತ್ತಕ್ಷರದ ಹಾಗಿದೆ. ಆದರೆ ಅದು ‘ತ್’ಗೆ ‘ಋ’ ಸ್ವರ ಸೇರಿ ಆದದ್ದು. ಒಂದು ವ್ಯಂಜನ, ಒಂದು ಸ್ವರ, ಅಷ್ಟೇ. ಹಾಗಾಗಿ ‘ಪಿತೃ’ ಎರಡು ಮಾತ್ರೆ, ‘ಪುತ್ರ’ ಮೂರು. ನಾವು ಮಾತಿನಲ್ಲಿ ಎರಡನ್ನೂ ‘ತ್ರು’ ‘ತ್ರ’ ಎಂದು ಹೆಚ್ಚು ಕಡಿಮೆ ಒಂದೇ ರೀತಿ ಹೇಳುವುದರಿಂದ ಈ ಗೊಂದಲ. ಇಲ್ಲಿ ಕಿವಿಯನ್ನು ನಂಬಬೇಡಿ, ಕಾಗುಣಿತ ನೋಡಿ.

ನಾನು ಮರಾಠಿ ಮೀಡಿಯಂ. ಲಘು ಗುರು ಅಲ್ಲೂ ಕಲ್ತಿದ್ದೆ, ಆದ್ರೂ ಕನ್ನಡದಲ್ಲಿ ಲೆಕ್ಕ ತಪ್ಪುತ್ತೆ. ಯಾಕೆ?

ನೀವು ಕಲಿತದ್ದು ಸರಿಯೇ, ಎರಡು ಜಾಗದಲ್ಲಿ ಮಾತ್ರ ಕನ್ನಡ ಬೇರೆ. ಒಂದು, ದೇವನಾಗರಿಯಲ್ಲಿ ‘ಎ’ ‘ಏ’ಗಳಿಗೆ ಬೇರೆ ಬೇರೆ ಅಕ್ಷರವಿಲ್ಲ, ‘ಒ’ ‘ಓ’ಗಳಿಗೂ ಇಲ್ಲ. ಅಲ್ಲಿ ಅವನ್ನು ಗುರು ಎಂದು ಎಣಿಸಿ ಅಭ್ಯಾಸ. ಕನ್ನಡದಲ್ಲಿ ‘ಕೆರೆ’ ಎರಡು ಲಘು, ‘ಕೇರೆ’ ಒಂದು ಗುರು ಒಂದು ಲಘು. ಆ ದೀರ್ಘದ ಗುರುತು ಇದೆಯೇ ಇಲ್ಲವೇ ಎಂದು ನೋಡದೆ ಮುಂದೆ ಹೋಗಬೇಡಿ.

ಇನ್ನೊಂದು, ಪದದ ಕೊನೆಯ ‘ಅ’. ಮರಾಠಿ ಮಾತಿನಲ್ಲಿ ‘ಕಮಲ’ ಎಂದು ಬರೆದು ‘ಕಮಲ್’ ಎನ್ನುತ್ತಾರೆ. ಕನ್ನಡದಲ್ಲಿ ಬರೆದ ಸ್ವರವನ್ನೆಲ್ಲ ಬಾಯಿ ಹೇಳುತ್ತದೆ. ‘ಕಮಲ’ ಮೂರು ಅಕ್ಷರ, ಮೂರು ಮಾತ್ರೆ.

## ಒಂದು ಪದ್ಯ ಬಿಡಿಸುವುದು

ಭಾಮಿನಿ ಷಟ್ಪದಿಯ ಲೆಕ್ಕ ಏನು?

ಆರು ಸಾಲು. 1, 2, 4, 5ನೆಯ ಸಾಲುಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯ ಗಣಗಳು. ಒಟ್ಟು 14. ಮೂರನೆಯ ಮತ್ತು ಆರನೆಯ ಸಾಲು ಉದ್ದ. ಅಲ್ಲಿ ಮೂರು–ನಾಲ್ಕರ ಜೋಡಿ ಮೂರು ಸಲ ಬಂದು, ಕೊನೆಗೆ ಒಂದು ಗುರು. ಅಂದರೆ 7, 7, 7 ಮತ್ತು 2, ಒಟ್ಟು 23. ಇಡೀ ಪದ್ಯಕ್ಕೆ 102 ಮಾತ್ರೆ.

ಕೈಯಲ್ಲಿ ತಟ್ಟುವುದಾದರೆ ‘ತಕಿಟ ತಕಧಿಮಿ, ತಕಿಟ ತಕಧಿಮಿ’. ನಾನು ಹೊಸಬರಿಗೆ ಪೆನ್ಸಿಲ್ ಕೊಡುವ ಮೊದಲು ಐದು ನಿಮಿಷ ಇದನ್ನೇ ತಟ್ಟಿಸುತ್ತೇನೆ.

ಒಂದು ಪದ್ಯ ಇಟ್ಕೊಂಡು ಪೂರ್ತಿ ಮಾಡಿ ತೋರಿಸ್ತೀರಾ?

ಕುಮಾರವ್ಯಾಸ ಭಾರತದ ಮೊದಲ ಪದ್ಯವನ್ನೇ ತೆಗೆದುಕೊಳ್ಳೋಣ. ಬಹಳ ಜನಕ್ಕೆ ಬಾಯಲ್ಲೇ ಇದೆ.

ಶ್ರೀವನಿತೆಯರಸನೆ ವಿಮಲ ರಾ-
ಜೀವಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರ ದಾತಾರ
ರಾವಣಾಸುರ ಮಥನ ಶ್ರವಣ ಸು-
ಧಾ ವಿನೂತನ ಕಥನ ಕಾರಣ
ಕಾವುದಾನತ ಜನವ ಗದುಗಿನ ವೀರನಾರಯಣ

ಮೊದಲ ಕೆಲಸ, ಪದಗಳನ್ನು ಮರೆತು ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆಯುವುದು. ಎರಡನೆಯದು, ಪ್ರತಿ ಅಕ್ಷರಕ್ಕೆ ಗುರುತು ಹಾಕುವುದು. ಗಣದ ಗೆರೆ ಎಳೆಯುವುದು ಕೊನೆಗೆ. ಮೊದಲ ಸಾಲು ಹೀಗಾಗುತ್ತದೆ:

ಶ್ರೀ ವ | ನಿ ತೆ ಯ ರ | ಸ ನೆ ವಿ | ಮ ಲ ರಾ
– ∪ | ∪ ∪ ∪ ∪ | ∪ ∪ ∪ | ∪ ∪ –

ಮೂರು, ನಾಲ್ಕು, ಮೂರು, ನಾಲ್ಕು. ಗೆರೆಗಳು ಪದದ ನಡುವೆಯೇ ಬಿದ್ದಿವೆ ನೋಡಿ. ‘ಶ್ರೀವನಿತೆ’ ಎಂಬುದು ‘ಶ್ರೀವ’ ಮತ್ತು ‘ನಿತೆ’ ಆಗಿ ಒಡೆದಿದೆ. ಗಣಕ್ಕೆ ಪದದ ಗಡಿ ಗೊತ್ತಿಲ್ಲ.

ಎರಡನೆಯ ಸಾಲು ನೀವೇ ಮಾಡಬಹುದು: ಜೀವ, ಪೀಠನ, ಪಿತನೆ, ಜಗಕತಿ. ಮೂರನೆಯದು ಉದ್ದದ ಸಾಲು:

ಪಾ ವ | ನ ನೆ ಸ ನ | ಕಾ ದಿ | ಸ ಜ್ಜ ನ | ನಿ ಕ ರ | ದಾ ತಾ | ರ
– ∪ | ∪ ∪ ∪ ∪ | – ∪ | – ∪ ∪ | ∪ ∪ ∪ | – – | –

‘ಸಜ್ಜನ’ದ ‘ಸ’ ಗುರುವಾದದ್ದು ಮುಂದಿನ ‘ಜ್ಜ’ದಿಂದ. ಕೊನೆಯ ‘ರ’ ಬರೆದದ್ದು ಹ್ರಸ್ವ, ಎಣಿಸಿದ್ದು ಗುರು. ಅದರ ಮಾತು ಮುಂದೆ ಬರುತ್ತದೆ.

ಐದನೆಯ ಸಾಲು ‘ಧಾವಿ, ನೂತನ, ಕಥನ, ಕಾರಣ’ ಎಂದು ಸಲೀಸಾಗಿ ಬೀಳುತ್ತದೆ. ಆರನೆಯದು ‘ಕಾವು, ದಾನತ, ಜನವ, ಗದುಗಿನ, ವೀರ, ನಾರಯ, ಣ’. ನಾಲ್ಕನೆಯ ಸಾಲಿನಲ್ಲಿ ಒಂದು ಗಂಟು ಇದೆ. ಅದನ್ನೂ ಬೇರೆಯಾಗಿಯೇ ಬಿಡಿಸೋಣ.

ಮೊದಲ ಸಾಲು ‘ರಾ’ ಅಂತ ಮುಗಿದು ಎರಡನೇದು ‘ಜೀವ’ ಅಂತ ಶುರುವಾಗಿದೆ. ಅಚ್ಚಿನ ತಪ್ಪಾ?

ತಪ್ಪಲ್ಲ. ಪದ ‘ರಾಜೀವಪೀಠ’. ‘ರಾ’ ಬರುವ ಹೊತ್ತಿಗೆ 14 ಮಾತ್ರೆ ತುಂಬಿತು, ಸಾಲು ಮುಗಿಯಿತು. ಉಳಿದದ್ದು ಮುಂದಿನ ಸಾಲಿಗೆ ಹೋಯಿತು. ‘ಸು’ ಮತ್ತು ‘ಧಾ’ ಬೇರೆಯಾದದ್ದೂ ಹೀಗೆಯೇ. ಗಮಕಿಗಳು ಅರ್ಥ ಕೆಡದಂತೆ ಎರಡು ಸಾಲನ್ನು ಜೋಡಿಸಿ ಓದುತ್ತಾರೆ. ಪುಸ್ತಕದಲ್ಲಿ ಸಾಲು ಮುರಿದಿರುವುದು ಲೆಕ್ಕಕ್ಕಾಗಿ, ಉಸಿರಿಗಾಗಿ ಅಲ್ಲ.

ಅದಕ್ಕೇ, ಪ್ರಸ್ತಾರ ಹಾಕುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ. ಯಾರೋ ಅರ್ಥ ನೋಡಿ ‘ರಾಜೀವಪೀಠನ’ ಎಂದು ಒಂದೇ ಸಾಲಿಗೆ ತಂದು ಬರೆದಿದ್ದರೆ ಎರಡೂ ಸಾಲಿನ ಲೆಕ್ಕ ಕೆಡುತ್ತದೆ: ಮೊದಲನೆಯದು 12, ಎರಡನೆಯದು 16. ಒಂದು ಸಾಲಿನಲ್ಲಿ ಕಡಿಮೆ, ಪಕ್ಕದ ಸಾಲಿನಲ್ಲಿ ಅಷ್ಟೇ ಜಾಸ್ತಿ ಬಂದರೆ ಕವಿಯನ್ನು ಅನುಮಾನಿಸುವ ಮೊದಲು ಸಾಲು ಮುರಿದ ಜಾಗ ನೋಡಿ.

## ಎಡವುವ ಜಾಗಗಳು

‘ನಾರಾಯಣ’ ಅಲ್ವಾ ಸರಿ? ‘ನಾರಯಣ’ ಅಂತ ಯಾಕಿದೆ?

ನಾಲ್ಕು ಮಾತ್ರೆಯ ಜಾಗ ಅದು. ‘ನಾರಯ’ ಎಂದರೆ 2, 1, 1, ಸರಿಯಾಗಿ ನಾಲ್ಕು. ‘ನಾರಾಯ’ ಎಂದರೆ ಐದು. ಕವಿ ‘ರಾ’ವನ್ನು ಗಿಡ್ಡ ಮಾಡಿ ದೇವರನ್ನು ಗಣದೊಳಗೆ ಕೂರಿಸಿದ. ಗದುಗಿನ ವೀರನಾರಾಯಣ ಅವನ ಅಂಕಿತ, ಪದ್ಯದ ಕೊನೆಗೆ ಬರಬೇಕು, ಬೇರೆ ದಾರಿ ಇರಲಿಲ್ಲ.

ನಮ್ಮಲ್ಲೊಬ್ಬರು ಹಿರಿಯರು ತಮ್ಮ ಪುಸ್ತಕದಲ್ಲಿ ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ ‘ನಾರಾಯಣ’ ಮಾಡಿಕೊಂಡಿದ್ದರು. ಪ್ರಸ್ತಾರ ಹಾಕಿದ ದಿನ ಅವರೇ ನಗುತ್ತಾ ಆ ತಿದ್ದುಪಡಿಯನ್ನು ಹೊಡೆದುಹಾಕಿದರು.

‘ಮಥನ ಶ್ರವಣ’ ಅನ್ನೋದರಲ್ಲಿ ‘ನ’ ಮುಂದೆ ‘ಶ್ರ’ ಇದೆ. ‘ನ’ ಗುರು ಮಾಡಿದ್ರೆ 15 ಬರುತ್ತೆ. ಕವೀನೇ ತಪ್ಪಿದ್ದಾ?

ಇದೇ ಆ ಗಂಟು. ನಿಯಮವನ್ನು ಅಕ್ಷರಶಃ ಹಿಡಿದರೆ ‘ಮಥನ’ 1, 1, 2 ಆಗಿ ಮೂರರ ಜಾಗದಲ್ಲಿ ನಾಲ್ಕು ಕೂರುತ್ತದೆ. ಆದರೆ ಸುಮ್ನೆ ಓದಿ ನೋಡಿ. ‘ಮಥನ’ ಮುಗಿಯಿತು, ‘ಶ್ರವಣ’ ಬೇರೆ ಪದವಾಗಿ ಶುರುವಾಯಿತು. ‘ಮಥನಶ್–ರವಣ’ ಎಂದು ಯಾರೂ ಒತ್ತುವುದಿಲ್ಲ. ‘ಶ್ರ’ ತೇಲಿಸಿ ಹೇಳುವ ಅಕ್ಷರ, ಅದು ಹಿಂದಿನ ಪದದ ಬಾಗಿಲನ್ನು ಮುಚ್ಚಲಿಲ್ಲ. ಹಾಗಾಗಿ ಪ್ರಸ್ತಾರ ಹೀಗೆ:

ರಾ ವ | ಣಾ ಸು ರ | ಮ ಥ ನ | ಶ್ರ ವ ಣ ಸು
– ∪ | – ∪ ∪ | ∪ ∪ ∪ | ∪ ∪ ∪ ∪

ಹಳೆಗನ್ನಡದಲ್ಲಿ ಇಂಥದಕ್ಕೆ ಹತ್ತಿರದ ಒಂದು ಸಂಗತಿಗೆ ಶಿಥಿಲದ್ವಿತ್ವ ಎಂದು ಹೆಸರಿದೆ. ‘ಎರ್ದೆ’ ‘ಅಮರ್ದು’ ಎಂಬ ಪದಗಳಲ್ಲಿ ಒತ್ತು ಇದ್ದರೂ ತೇಲಿಸಿ ಹೇಳುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯಬಹುದು. ಅಲ್ಲಿ ಒಂದೇ ಪದದ ಒಳಗೆ, ಇಲ್ಲಿ ಎರಡು ಪದಗಳ ನಡುವೆ.

ಹಾಗಾದರೆ ಬೇಕಾದಾಗಲೆಲ್ಲ ಲಘು ಮಾಡಿಕೊಳ್ಳಬಹುದೇ? ಇಲ್ಲ. ಒಂದೇ ಪದದ ಒಳಗಿನ ‘ಸಜ್ಜನ’, ‘ಸಕ್ಕರೆ’ಗಳಿಗೆ ಈ ರಿಯಾಯಿತಿ ಸಿಗದು. ಮುಂದಿನ ಪದದ ಮೊದಲಲ್ಲಿ ಒತ್ತಕ್ಷರ ಬಂದಾಗ ಮಾತ್ರ ನಿಂತು, ಗಣ ಯಾವುದನ್ನು ಕೇಳುತ್ತದೆ ಎಂದು ನೋಡಿ.

ಸಾಲಿನ ಕೊನೇ ಅಕ್ಷರ ಗುರು ಅಂತ ಮೇಷ್ಟ್ರು ಹೇಳಿದ್ರು. ಹಾಗೆ ಮಾಡಿದ್ರೆ ಎರಡನೇ ಸಾಲು 15 ಆಗುತ್ತೆ!

ಮೇಷ್ಟ್ರ ಮಾತಿನಲ್ಲಿ ಒಂದು ಪದ ಬಿಟ್ಟುಹೋಗಿದೆ: ‘ಬೇಕಿದ್ದರೆ’. ಭಾಮಿನಿಯಲ್ಲಿ ಅದು ಬೇಕಾಗುವುದು ಮೂರನೆಯ ಮತ್ತು ಆರನೆಯ ಸಾಲಿಗೆ ಮಾತ್ರ. ಅಲ್ಲಿ ಪದ್ಯ ನಿಲ್ಲುತ್ತದೆ, ದನಿಯೂ ನಿಲ್ಲುತ್ತದೆ. ‘ದಾತಾರ’ದ ‘ರ’, ‘ನಾರಯಣ’ದ ‘ಣ’ ಆ ನಿಲುಗಡೆಯಲ್ಲಿ ಎಳೆದು ಗುರುವಾಗುತ್ತವೆ. ಎರಡನೆಯ ಸಾಲಿನ ‘ಜಗಕತಿ’ ನಿಲ್ಲುವುದೇ ಇಲ್ಲ, ‘ಪಾವನನೆ’ಗೆ ಓಡುತ್ತದೆ. ಅದರ ‘ತಿ’ ಲಘು.

ಭಾಗವತರು ಭಾಮಿನಿ ಹಾಡುವಾಗ ಲಘುವನ್ನೂ ಉದ್ದಕ್ಕೆ ಎಳೀತಾರಲ್ಲ, ಆಗ ಲೆಕ್ಕ ಏನಾಯ್ತು?

ಯಕ್ಷಗಾನದಲ್ಲಿ ಭಾಮಿನಿ, ವಾರ್ಧಕ, ಕಂದಗಳನ್ನು ಸಾಮಾನ್ಯವಾಗಿ ತಾಳವಿಲ್ಲದೆ, ರಾಗ ಬೆಳೆಸಿ ಹಾಡುತ್ತಾರೆ. ಅಲ್ಲಿ ಒಂದು ಲಘುವಿನ ಮೇಲೆ ಅರ್ಧ ನಿಮಿಷ ನಿಂತರೂ ಅದು ರಾಗದ ಹೊತ್ತು, ಛಂದಸ್ಸಿನದಲ್ಲ. ಹಾಡು ಕೇಳಿ ಪ್ರಸ್ತಾರ ಹಾಕಲು ಹೋದರೆ ಎಲ್ಲವೂ ಗುರುವಾಗಿಯೇ ಕಾಣುತ್ತದೆ. ಪದ್ಯವನ್ನು ರಾಗವಿಲ್ಲದೆ, ಮಾತಿನ ವೇಗದಲ್ಲಿ ಒಮ್ಮೆ ಹೇಳಿಕೊಂಡು ಆಮೇಲೆ ಗುರುತು ಹಾಕಿ.

ಪ್ರತಿ ಸಾಲಿನ ಎರಡನೇ ಅಕ್ಷರ ‘ವ’ ಇದೆಯಲ್ಲ, ಅದು ಆಕಸ್ಮಿಕನಾ?

ಆಕಸ್ಮಿಕವಲ್ಲ, ಅದು ಆದಿಪ್ರಾಸ. ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು. ಎರಡನೆಯ ವ್ಯಂಜನ ಆರೂ ಸಾಲಿನಲ್ಲಿ ಒಂದೇ ಇರಬೇಕು, ಸ್ವರ ಬದಲಾಗಬಹುದು. ಅದರ ಹಿಂದಿನ ಅಕ್ಷರ ಮೊದಲ ಸಾಲಿನಲ್ಲಿ ದೀರ್ಘವಾದರೆ ಎಲ್ಲ ಸಾಲಿನಲ್ಲೂ ದೀರ್ಘ. ಇದಕ್ಕೆ ಗಜಪ್ರಾಸ ಎನ್ನುತ್ತಾರೆ. ಹ್ರಸ್ವವಾದರೆ ಸಿಂಹಪ್ರಾಸ. ಸಾಲು ಎಲ್ಲಿ ಶುರುವಾಯಿತು ಎಂದು ಗೊತ್ತಾಗದಿದ್ದಾಗ ಇದು ದಾರಿ ತೋರಿಸುತ್ತದೆ: ‘ಜೀವ’ ಹೊಸ ಸಾಲಿನ ಮೊದಲು ಎಂಬುದಕ್ಕೆ ಆ ‘ವ’ವೇ ಸಾಕ್ಷಿ.

## ಸ್ವಂತ ಕಟ್ಟುವವರಿಗೆ

ಒಟ್ಟು 14 ಬಂದ್ರೆ ಸಾಕಲ್ವಾ? 3–4 ಅಂತ ಒಡೀಲೇಬೇಕಾ?

ಒಡೆಯಲೇಬೇಕು. ‘ಲೋಕಲ್ ಗಾಡಿ ಬಂದು ನಿಂತಿತು’ ಎಂಬ ಸಾಲು ನೋಡಿ. ಒಟ್ಟು ಸರಿಯಾಗಿ 14. ಆದರೆ ‘ಲೋ’ ಎರಡು, ‘ಕಲ್’ ಎರಡು. ಮೂರನೆಯ ಮಾತ್ರೆ ‘ಕಲ್’ನ ಹೊಟ್ಟೆಯೊಳಗೆ ಮುಗಿಯುತ್ತದೆ. ಗುರುವನ್ನು ಅರ್ಧ ಕಡಿದು ಈ ಗಣಕ್ಕೊಂದು, ಆ ಗಣಕ್ಕೊಂದು ಹಂಚಲು ಬರುವುದಿಲ್ಲ. ‘ಲೋಕಲೊಂದದು ಬಂದು ನಿಂತಿತು’ ಎಂದರೆ ‘ಲೋಕ’ ಮೂರು, ‘ಲೊಂದದು’ ನಾಲ್ಕು, ಮುಂದಿನದೂ ಸರಿ. ಕವಿತೆ ಏನೂ ಮೇಲೇರಲಿಲ್ಲ, ನಡಿಗೆ ಮಾತ್ರ ನೆಟ್ಟಗಾಯಿತು.

3–4 ಸರಿಯಾಗಿ ಒಡೆದ್ರೂ ನನ್ನ ಸಾಲು ಕುಂಟುತ್ತೆ. ಯಾಕೆ?

ಗಣದ ಮೊದಲಲ್ಲಿ ಒಂದು ಲಘು, ಅದರ ಬೆನ್ನಿಗೇ ಗುರು ಬಂದಿರಬಹುದು. ನೋಡಿಕೊಳ್ಳಿ. ಈ ಎರಡು ಸಾಲು ಹೇಳಿ:

ಬೇಗ ಹತ್ತಿರಿ ಬಂತು ಗಾಡಿಯು
ಹತ್ತಿರಿ ಬೇಗ ಗಾಡಿಯು ಬಂತು

ಅವೇ ಪದಗಳು, ಎರಡರಲ್ಲೂ 14. ಎರಡನೆಯದೂ ಕಾಗದದ ಮೇಲೆ 3–4–3–4 ಆಗಿ ಒಡೆಯುತ್ತದೆ: ‘ಹತ್ತಿ, ರಿಬೇಗ, ಗಾಡಿ, ಯುಬಂತು’. ಆದರೆ ‘ರಿಬೇಗ’ ಮತ್ತು ‘ಯುಬಂತು’ ಎರಡೂ ∪ – ∪. ‘ತಕಧಿಮಿ’ಯ ಮೊದಲ ಪೆಟ್ಟು ಹಗುರ ಅಕ್ಷರದ ಮೇಲೆ ಬಿದ್ದು, ಭಾರದ ಅಕ್ಷರ ಪೆಟ್ಟಿಲ್ಲದ ಜಾಗಕ್ಕೆ ಜಾರುತ್ತದೆ. ತಟ್ಟಿಕೊಂಡು ಹೇಳಿದರೆ ಕೈಗೂ ಬಾಯಿಗೂ ಜಗಳ. ಷಟ್ಪದಿಕಾರರು ಈ ನಡೆಯನ್ನು ತಪ್ಪಿಸುತ್ತಾರೆ. ಮೂರರ ಗಣದಲ್ಲಿ ∪ – ಬರುವುದನ್ನೂ ಹಾಗೆಯೇ. ಮೇಲಿನ ಕುಮಾರವ್ಯಾಸನ ಪದ್ಯದಲ್ಲಿ ಹುಡುಕಿ, ಒಂದೂ ಸಿಗುವುದಿಲ್ಲ.

ದಾದರ್, ಕುರ್ಲಾ, ಸ್ಟೇಷನ್ ಇವೆಲ್ಲ ಷಟ್ಪದಿಯಲ್ಲಿ ಕೂರುತ್ತಾ?

ಕೂರುತ್ತವೆ, ಸ್ವಲ್ಪ ತಾಳ್ಮೆ ಬೇಕು. ಒಂದು ಮಳೆಗಾಲದಲ್ಲಿ ಗಾಡಿ ನಿಂತು ಎರಡು ಗಂಟೆ ಪ್ಲಾಟ್‌ಫಾರಮ್ಮಿನಲ್ಲೇ ಕಳೆದಾಗ ನಾನೇ ಪ್ರಯತ್ನಪಟ್ಟೆ. ಮೊದಲು ಬರೆದದ್ದು ‘ಮಳೆ ಸುರಿಯುತ್ತಿದೆ ದಾದರ್ ಸ್ಟೇಷನ್’. ಚೆನ್ನಾಗಿದೆ ಅನ್ನಿಸಿತು. ಗುರುತು ಹಾಕಿದರೆ 16 ಮಾತ್ರೆ. ಅದೂ ಅಲ್ಲದೆ ‘ರಿಯುತ್ತಿ’ ∪ – ∪, ‘ದೆದಾ’ ∪ –. ಆಗ ತಾನೆ ಹೇಳಿದ ಎರಡೂ ಕುಂಟುಗಳು ಒಂದೇ ಸಾಲಿನಲ್ಲಿ.

ತಿದ್ದಿದ್ದು ಹೀಗೆ. ‘ಮಳೆ’ಗೆ ಒಂದು ‘ಯು’ ಸೇರಿಸಿ ಮೂರು ಮಾಡಿದೆ. ‘ಸುರಿಯುತ್ತಿದೆ’ ತೆಗೆದು ‘ಸುರಿದಿದೆ’, ನಾಲ್ಕು ಲಘು. ‘ದಾದರ್’ ಎರಡು ಗುರು, ಮೂರರ ಜಾಗಕ್ಕೆ ಹೊಂದದು. ‘ದಾದರಿನ’ ಎಂದು ವಿಭಕ್ತಿ ಹಚ್ಚಿದ ಕೂಡಲೇ ಕೊನೆಯ ವ್ಯಂಜನಕ್ಕೆ ಸ್ವರ ಸಿಕ್ಕಿ ಬಾಗಿಲು ತೆರೆಯಿತು: ‘ದಾದ’ ಮೂರು, ‘ರಿನ’ ಮುಂದಿನ ಗಣಕ್ಕೆ. ವ್ಯಂಜನದಲ್ಲಿ ಮುಗಿಯುವ ಹೊರಗಿನ ಪದಗಳಿಗೆಲ್ಲ ಈ ಉಪಾಯ ನಡೆಯುತ್ತದೆ. ‘ಸ್ಟೇಷನ್’ ಬಿಟ್ಟೇಬಿಟ್ಟೆ. ಕೊನೆಗೆ ಆದದ್ದು ಇದು:

ಮಳೆಯು ಸುರಿದಿದೆ ದಾದರಿನ ಹಳಿ-
ಯೊಳಗೆ ನೀರಿದೆ ಲೋಕಲಿಲ್ಲವೊ
ಗೆಳೆಯ ಕಾದಿಹೆನಿಲ್ಲಿ ಕುರ್ಲಾ ಕಡೆಯ ಗಾಡಿಗೆ ನಾ
ಬೆಳಗು ಕಳೆಯಿತು ಚಹದ ಲೋಟದ
ತಳದ ಸಕ್ಕರೆ ಕರಗಿ ಹೋಯಿತು
ಸುಳಿವು ಕೊಡದಿದೆ ಫಲಕ ಮುಂದಿನ ಗಾಡಿ ಬರುವುದರ

ಎರಡನೆಯ ಅಕ್ಷರ ಎಲ್ಲ ಕಡೆ ‘ಳ’, ಹಿಂದಿನದು ಹ್ರಸ್ವ, ಹಾಗಾಗಿ ಸಿಂಹಪ್ರಾಸ. ‘ಕುರ್ಲಾ’ ಎರಡು ಗುರು, ನಾಲ್ಕರ ಜಾಗ ಸಿಕ್ಕಿದ್ದರಿಂದ ಹಾಗೇ ಕೂತಿತು. ನಮ್ಮ ಸ್ಟೇಷನ್ ಹೆಸರುಗಳಲ್ಲಿ ಹಲವು ನಾಲ್ಕರ ಜಾಗದಲ್ಲೇ ಶುರುವಾಗಬೇಕು. ‘ಅಂಧೇರಿಯಲಿ’ ಎಂಬುದು ‘ಅಂಧೇ’ ಮತ್ತು ‘ರಿಯಲಿ’ ಆಗಿ ಒಡೆದರೆ ಸರಿ. ‘ಮಾಟುಂಗಾದ’ ಎಂಬುದೂ ‘ಮಾಟುಂ’, ‘ಗಾದ’. ಮೂರರಲ್ಲಿ ಶುರು ಮಾಡಿದರೆ ಎರಡೂ ಒಡೆಯುವುದಿಲ್ಲ. ‘ಠಾಣೆ’, ‘ವಾಶಿ’ ಮೂರರ ಗಿರಾಕಿಗಳು.

## ಭಾಮಿನಿಯ ಆಚೆ

ಎದುರಿಗಿರೋ ಷಟ್ಪದಿ ಭಾಮಿನಿಯೋ ಬೇರೆಯೋ ಅಂತ ಬೇಗ ಹೇಗೆ ಗೊತ್ತಾಗುತ್ತೆ?

ಮೊದಲ ಸಾಲು ಎಣಿಸಿ. 8 ಬಂದರೆ ಶರ (4+4), 10 ಆದರೆ ಕುಸುಮ (5+5), 12 ಆದರೆ ಭೋಗ (ಮೂರರ ನಾಲ್ಕು ಗಣ), 14 ಭಾಮಿನಿ, 16 ಪರಿವರ್ಧಿನಿ (ನಾಲ್ಕರ ನಾಲ್ಕು), 20 ವಾರ್ಧಕ (ಐದರ ನಾಲ್ಕು). ಉದ್ದದ ಸಾಲು ಯಾವಾಗಲೂ ಚಿಕ್ಕ ಸಾಲಿನ ಒಂದೂವರೆ ಪಟ್ಟು ಮತ್ತು ಒಂದು ಗುರು. ವಾರ್ಧಕದಲ್ಲಿ 30 ಮತ್ತು 2, ಅಂದರೆ 32. ಜೈಮಿನಿ ಭಾರತ ಇರುವುದು ವಾರ್ಧಕದಲ್ಲಿ.

ಸರ್ವಜ್ಞನ ತ್ರಿಪದಿಗೂ ಹೀಗೇ ಎಣಿಸಿದೆ, ಒಂದೊಂದು ಪದ್ಯಕ್ಕೆ ಒಂದೊಂದು ಲೆಕ್ಕ ಬರುತ್ತೆ.

ಬರಲೇಬೇಕು. ತ್ರಿಪದಿ ಮಾತ್ರೆಯ ಲೆಕ್ಕದ್ದಲ್ಲ, ಅಂಶಗಣದ್ದು. ಮೂರು ಸಾಲಿನಲ್ಲಿ 11 ಗಣ, ಅದರಲ್ಲಿ 6ನೆಯದು ಮತ್ತು 10ನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಒಂದೇ ಜಾತಿಯ ಗಣ ಇಲ್ಲಿ ಹೆಚ್ಚು ಕಡಿಮೆ ಮಾತ್ರೆಯಲ್ಲಿ ಬರಬಹುದು. ಹಾಡುವವರು ಎಳೆದು, ಕುಗ್ಗಿಸಿ ಸಮ ಮಾಡುತ್ತಾರೆ. ಸಾಂಗತ್ಯವೂ ಇದೇ ಮನೆಯದು. ಅಲ್ಲಿಗೆ ಈ ಅಳತೆಪಟ್ಟಿ ಒಯ್ಯಬೇಡಿ.

ಚಂಪಕಮಾಲೆ, ಉತ್ಪಲಮಾಲೆಗೂ ಮಾತ್ರೆ ಎಣಿಸಿದ್ರೆ ಸಾಕಾ?

ಸಾಲದು. ವೃತ್ತದಲ್ಲಿ ಎಷ್ಟನೆಯ ಅಕ್ಷರ ಲಘು, ಎಷ್ಟನೆಯದು ಗುರು ಎಂಬುದೇ ಗೊತ್ತುಮಾಡಿದೆ. ಭಾಮಿನಿಯಲ್ಲಿ ಗುರು ತೆಗೆದು ಎರಡು ಲಘು ಇಟ್ಟರೂ ಅದು ಭಾಮಿನಿಯೇ. ಉತ್ಪಲಮಾಲೆಯ ಸಾಲು 20 ಅಕ್ಷರ, ಗುರುವಿನಿಂದ ಶುರು. ಆ ಮೊದಲ ಗುರುವಿನ ಜಾಗದಲ್ಲಿ ಎರಡು ಲಘು ಇಟ್ಟರೆ 21 ಅಕ್ಷರವಾಗಿ ಅದು ಚಂಪಕಮಾಲೆಯೇ ಆಗಿಬಿಡುತ್ತದೆ. ಮಾತ್ರೆ ಅಷ್ಟೇ, ಹೆಸರು ಬೇರೆ.

ಮರಾಠಿಯವರು ‘ಆರ್ಯಾ ಮಯೂರಪಂತಾಚಿ’ ಅಂತಾರೆ. ಆ ಆರ್ಯೆ ನಮ್ಮ ಕಂದಪದ್ಯ ಒಂದೇನಾ?

ಒಂದೇ ಬಳಗ, ಒಂದೇ ಪದ್ಯವಲ್ಲ. ಎರಡೂ ನಿಂತಿರುವುದು ನಾಲ್ಕು ಮಾತ್ರೆಯ ಗಣದ ಮೇಲೆ. ಆರ್ಯೆಯ ಸಾಲುಗಳು 12, 18, 12, 15. ಕೊನೆಯದೂ 18 ಆದರೆ ಗೀತಿ. ಎರಡನೆಯದು, ನಾಲ್ಕನೆಯದು 20ಕ್ಕೆ ಏರಿದರೆ ನಮ್ಮ ಕಂದ: 12, 20, 12, 20, ಒಟ್ಟು 64. ಮರಾಠಿ ಗೆಳೆಯರು ಆರ್ಯೆ ಹೇಳಿದಾಗ ಕಂದ ಕೇಳಿ ಬೆಳೆದ ಕಿವಿಗೆ ಸಾಲು ಬೇಗ ಮುಗಿದಂತೆ ಅನ್ನಿಸುವುದು ಅದಕ್ಕೇ.

ಒಂದು ತಮಾಷೆ ಇದೆ. ಭಾಮಿನಿಯಲ್ಲಿ ಬೇಡವೆಂದ ಆ ∪ – ∪ ಕಂದದಲ್ಲೂ 1, 3, 5, 7ನೆಯ ಗಣಗಳಿಗೆ ಸಲ್ಲದು. ಆದರೆ ಆರನೆಯ ಗಣಕ್ಕೆ ಬಂದಾಗ ಅದೇ ಬೇಕು. ಅದಿಲ್ಲದಿದ್ದರೆ ನಾಲ್ಕೂ ಲಘು. ಬೇರೇನು ಇಟ್ಟರೂ ಅದು ಕಂದವಲ್ಲ. ಹಾಗಾಗಿ ಕಂದಕ್ಕೆ ಪ್ರಸ್ತಾರ ಹಾಕಿದ ಮೇಲೆ ನಾನು ಮೊದಲು ಬೆರಳಿಡುವುದು ಎರಡನೆಯ ಸಾಲಿನ ಮೂರನೆಯ ಗಣದ ಮೇಲೆ.